‘Re:’ ಎಂಬ ಸುಳ್ಳಿಗೆ ನಾವು ತೆತ್ತ ಬೆಲೆ

ಸಣ್ಣ ಮಷೀನ್ ಶಾಪ್‌ಗಳಿಗೆ ಸ್ಟಾಕ್ ಲೆಕ್ಕದ ಸಾಫ್ಟ್‌ವೇರ್ ಮಾರುವುದು ನನ್ನ ಕೆಲಸ. ಗಿರಾಕಿಗಳಲ್ಲಿ ಹೆಚ್ಚಿನವರು ಪೀಣ್ಯದ ಕಡೆಯವರು. ಪರಿಚಯವಿಲ್ಲದ ಪರ್ಚೇಸ್ ಮ್ಯಾನೇಜರ್‌ಗಳಿಗೆ ಮೇಲ್ ಬರೆದೇ ಮಾತುಕತೆ ಶುರುವಾಗಬೇಕು. ಒಂದೆರಡು ತಿಂಗಳು ನಾನು ಆ ಮೇಲ್‌ಗಳಿಗೆ `Re: ಸ್ಟಾಕ್ ಲೆಕ್ಕದ ಬಗ್ಗೆ` ಎಂದು ತಲೆಬರಹ ಕೊಡುತ್ತಿದ್ದೆ. ಹೋದ ತಿಂಗಳೇ ಬರೆದಿದ್ದೆ ಅನ್ನುವ ಹಾಗೆ ಕೆಳಗೊಂದು ಸುಳ್ಳು ಹಳೇ ಮೇಲ್ ಅಂಟಿಸುತ್ತಿದ್ದೆ. ಕೊನೆಯಲ್ಲಿ, “ಈ ತಿಂಗಳು ಮೂರೇ ಕಂಪನಿಗೆ ಜಾಗವಿದೆ, 30ನೇ ತಾರೀಕಿನೊಳಗೆ ತಿಳಿಸಿ.”

ಮೊದಲ ವಾರ ಮೇಲ್ ತೆರೆದವರ ಸಂಖ್ಯೆ ಏರಿತು, ಉತ್ತರಗಳೂ ಜಾಸ್ತಿಯಾದವು. ನಾನು ಬರೀ ಲೆಕ್ಕ ನೋಡಿ ಸಮಾಧಾನಪಟ್ಟಿದ್ದೆ. ಉತ್ತರಗಳನ್ನು ಒಂದೊಂದಾಗಿ ಓದಿದ್ದು ಒಬ್ಬ ಮ್ಯಾನೇಜರ್ ಫೋನ್ ಮಾಡಿದ ಮೇಲೆ. “ನಾವು ಯಾವಾಗ ಮಾತಾಡಿದ್ವಿ ಸಾರ್? ನಮ್ಮ ಹುಡುಗನ್ನ ಕೂರಿಸಿ ಹಳೇ ಮೇಲೆಲ್ಲಾ ಹುಡುಕಿಸಿದೆ. ಎಲ್ಲೂ ಇಲ್ಲ. ಅವನು ಅಳಿಸಿಬಿಟ್ಟ ಅಂತ ಅವನಿಗೇ ಬೈದೆ” ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಹುಡುಗ ಬೈಸಿಕೊಂಡದ್ದು ಇವತ್ತಿಗೂ ನೆನಪಾಗಿ ಬೇಸರವಾಗುತ್ತದೆ. ಉಳಿದ ಉತ್ತರಗಳಲ್ಲೂ ಬಹಳಷ್ಟು “ನೀವು ಯಾರು?”, “ಯಾವ ಮೇಲ್?” ಅನ್ನುವಂಥವೇ. ಗೊಂದಲಕ್ಕೆ ತೆರೆದದ್ದನ್ನು ನಾನು ಆಸಕ್ತಿ ಅಂದುಕೊಂಡಿದ್ದೆ.

ಹುಡುಕಿದರೆ ಸಿಗದೇ ಇರೋದಕ್ಕೆ ಕಾರಣ ಸರಳ, ಆ ಹಳೇ ಮೇಲ್ ಇರಲೇ ಇಲ್ಲ. ನಿಜವಾದ ಉತ್ತರದ ಒಳಗೆ `In-Reply-To` ಎಂಬ ಸಾಲಿನಲ್ಲಿ ಮೂಲ ಮೇಲ್‌ನ ಗುರುತು ಇರುತ್ತದೆ. ಹಳೆಯದರ ಜೊತೆ ಹೊಸದು ಪೋಣಿಸಿಕೊಳ್ಳುವುದು ಮುಖ್ಯವಾಗಿ ಅದರಿಂದಲೇ. ಕೈಯಲ್ಲಿ ಟೈಪ್ ಮಾಡಿದ `Re:`ಗೆ ಹಿಂದೆ ಮುಂದೆ ಏನೂ ಇಲ್ಲ, ಅದು ಒಂಟಿಯಾಗಿ ನಿಂತಿರುತ್ತದೆ. ಓದುವವರಿಗೆ ಸುಳ್ಳು ಗೊತ್ತಾಗಲು ಅರ್ಧ ನಿಮಿಷ ಸಾಕು, ಆಮೇಲೆ ಒತ್ತುವುದು ಸ್ಪ್ಯಾಮ್ ಬಟನ್ನನ್ನೇ.

ನಮಗೆ ಜೋರಾಗಿ ಪೆಟ್ಟು ಬಿದ್ದದ್ದು ಅಲ್ಲೇ. ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು, 0.1ರ ಕೆಳಗಿದ್ದರೆ ಒಳ್ಳೆಯದು ಅನ್ನುತ್ತದೆ ಜಿಮೇಲ್. ಅಂದರೆ ಸಾವಿರ ಮೇಲ್‌ಗೆ ಮೂರು ಜನ ಬಟನ್ ಒತ್ತಿದರೆ ಗಡಿ ಮುಟ್ಟಿದಂತೆ. ದೂರಿನ ಕೆಟ್ಟ ಹೆಸರು ಬರೀ ಆ ಒಂದು ಮೇಲ್‌ಗೆ ಅಂಟುವುದಿಲ್ಲ, ಇಡೀ ಡೊಮೈನ್‌ಗೆ ಅಂಟುತ್ತದೆ. ನಾವು ಬಿಲ್ ಕಳಿಸುತ್ತಿದ್ದದ್ದೂ ಅದೇ ಡೊಮೈನ್‌ನಿಂದ. ಹಳೇ ಗಿರಾಕಿಯೊಬ್ಬರು “ಈ ತಿಂಗಳ ಬಿಲ್ಲೇ ಬಂದಿಲ್ಲವಲ್ಲ” ಅಂದಾಗ ಹೋಗಿ ನೋಡಿದೆ. ಬಿಲ್ ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು. ಹೊಸಬರನ್ನು ಹಿಡಿಯಲು ಹೇಳಿದ ಸುಳ್ಳಿನ ದಂಡವನ್ನು ನಾಲ್ಕು ವರ್ಷದಿಂದ ದುಡ್ಡು ಕೊಡುತ್ತಿದ್ದವರು ಕಟ್ಟಿದ ಹಾಗಾಯಿತು.

“ಮೂರೇ ಜಾಗ” ಅನ್ನುವುದರ ಪೆಟ್ಟು ನಿಧಾನಕ್ಕೆ ಬಿತ್ತು. ಗಡುವು ಮುಗಿದು ಐದು ದಿನಕ್ಕೆ ಒಬ್ಬರು ಫೋನ್ ಮಾಡಿದರು. ನಾನು ಖುಷಿಯಿಂದ ಅದೇ ರೇಟು ಹೇಳಿದೆ. “ಹಂಗಾದ್ರೆ 30ನೇ ತಾರೀಕು ಅಂದಿದ್ದು ಯಾಕೆ?” ಅಂತ ಕೇಳಿದರು. ಅಲ್ಲಿಂದ ಮುಂದೆ ನಾನು ಹೇಳಿದ ಯಾವ ಸಂಖ್ಯೆಯನ್ನೂ ಅವರು ನಂಬಲಿಲ್ಲ. ರೇಟು ಇಳಿಸಿ ಅಂದರು. ಹದಿನೈದು ದಿನದಲ್ಲಿ ಜೋಡಿಸಿಕೊಡುತ್ತೇವೆ ಅಂದದ್ದಕ್ಕೆ ಬರವಣಿಗೆಯಲ್ಲಿ ಕೊಡಿ ಅಂದರು. ಗಡುವು ಸುಳ್ಳಾದರೆ ಮಿಕ್ಕ ಮಾತು ಯಾಕೆ ನಿಜವಿರಬೇಕು? ಅವರು ಯೋಚಿಸಿದ್ದು ಸರಿಯಾಗಿಯೇ ಇತ್ತು. ಸುಳ್ಳು ತುರ್ತನ್ನು ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿಯೂ ಮೋಸದ ವಿನ್ಯಾಸಗಳ ಪಟ್ಟಿಯಲ್ಲಿ ಸೇರಿಸಿದೆ.

ಹೊಸ ಮೇಲ್‌ಗಳನ್ನು ಆರು ವಾರ ಪೂರ್ತಿ ನಿಲ್ಲಿಸಿದೆ. ಆಮೇಲೆ ದಿನಕ್ಕೆ ಹತ್ತು ಹದಿನೈದರಂತೆ ಶುರು ಮಾಡಿದೆ. ಪ್ರತಿ ವಾರ ಪರೀಕ್ಷೆಗೆಂದು ನನ್ನದೇ ಬೇರೆ ಖಾತೆಗಳಿಗೆ ಒಂದು ಬಿಲ್ ಕಳಿಸಿ ಇನ್‌ಬಾಕ್ಸ್‌ಗೆ ಬಂತೋ ಇಲ್ಲವೋ ನೋಡುತ್ತಿದ್ದೆ. ಸ್ವಂತ ಖಾತೆಯಲ್ಲಿ ಬಂದ ಮಾತ್ರಕ್ಕೆ ಎಲ್ಲರಿಗೂ ಬಂತು ಅಂತಲ್ಲ, ಹಾಗಾಗಿ ಇಬ್ಬರು ಗಿರಾಕಿಗಳನ್ನೂ ಕೇಳುತ್ತಿದ್ದೆ.

ಈಗ ತಲೆಬರಹ `ನಿಮ್ಮ ಟೂಲ್ ಸ್ಟೋರ್‌ನ ಸ್ಟಾಕ್ ಲೆಕ್ಕ: ಪರಿಚಯವಿಲ್ಲದೆ ಬರೆಯುತ್ತಿದ್ದೇನೆ` ಎಂದಿರುತ್ತದೆ. ಜಾಗ ನಿಜಕ್ಕೂ ಕಮ್ಮಿಯಿದ್ದರೆ ಮಾತ್ರ ಹೇಳುತ್ತೇನೆ, ಕಾರಣದ ಸಮೇತ: ಫ್ಯಾಕ್ಟರಿಗೆ ಬಂದು ಜೋಡಿಸುವವರು ನಮ್ಮಲ್ಲಿ ಇಬ್ಬರೇ, ವಾರಕ್ಕೆ ಎರಡು ಕಡೆ ಮಾತ್ರ ಹೋಗಬಲ್ಲರು. ಬರೆಯುವ ಮೊದಲು ನನ್ನನ್ನೇ ಕೇಳಿಕೊಳ್ಳುತ್ತೇನೆ, ಈ ದಿನ ದಾಟಿದ ಮರುದಿನ ಯಾರಾದರೂ ಫೋನ್ ಮಾಡಿದರೆ ಇಲ್ಲ ಅನ್ನುತ್ತೇನಾ? ಹೂಂ ಅಂತ ಬಂದರೆ ಆ ದಿನ ಬರೆಯುತ್ತೇನೆ, ಇಲ್ಲದಿದ್ದರೆ ಅಳಿಸುತ್ತೇನೆ.

ಉತ್ತರಗಳು ಮೊದಲಿಗಿಂತ ಕಮ್ಮಿ. ಆದರೆ ಬೇಡ ಅನ್ನುವವರೂ ಈಗ ಕಾರಣ ಬರೆಯುತ್ತಾರೆ. ಒಬ್ಬರು ಬರೆದರು: “ಮಾರ್ಚ್ ಲೆಕ್ಕ ಮುಗೀಲಿ, ಏಪ್ರಿಲ್‌ನಲ್ಲಿ ನೆನಪಿಸಿ.” ಏಪ್ರಿಲ್ ಮೊದಲ ವಾರ ಅವರ ಮೇಲ್ ತೆರೆದು ಉತ್ತರ ಕೊಡುವ ಬಟನ್ ಒತ್ತಿದೆ. `Re:` ತಾನಾಗಿಯೇ ಬಂತು.