ಮನೆಕೆಲಸದವರನ್ನು ತಿಂಗಳ ನಡುವೆ ಬಿಡಿಸಿದರೆ ಲೆಕ್ಕ ಹೀಗೆ ಮಾಡಿ

ರಾಯಚೂರಿನ ನಮ್ಮ ಓಣಿಯಲ್ಲಿ ಮೊನ್ನೆ ಇದೇ ಜಗಳ. ಮನೆಕೆಲಸದ ಅಕ್ಕನಿಗೆ ತಿಂಗಳಿಗೆ 3900 ರೂಪಾಯಿ, ಭಾನುವಾರ ರಜೆ. 18ನೇ ತಾರೀಖಿಗೆ "ನಾಳೆಯಿಂದ ಬರಬೇಡ" ಅಂದರು. ನಡುವೆ ಎರಡು ಭಾನುವಾರ, ಅಂದರೆ ಕೆಲಸ ಮಾಡಿದ್ದು 16 ದಿನ. ಮನೆಯವರು 3900ನ್ನು 30ರಿಂದ ಭಾಗಿಸಿ, 16 ದಿನಕ್ಕೆ 2080 ಕೊಟ್ಟರು.

ತಪ್ಪು ಇಲ್ಲೇ ಇದೆ. 30ರಿಂದ ಭಾಗಿಸಿದರೆ ಭಾನುವಾರವನ್ನೂ ಎಣಿಸಬೇಕು: 18 ದಿನಕ್ಕೆ 2340. ಕೆಲಸದ ದಿನ ಮಾತ್ರ ಎಣಿಸಿದರೆ 26ರಿಂದ ಭಾಗಿಸಬೇಕು: ದಿನಕ್ಕೆ 150, 16 ದಿನಕ್ಕೆ 2400. ಎರಡನ್ನೂ ಬೆರೆಸಿದರೆ ವಾರದ ರಜೆಯ ದುಡ್ಡು ಸುಮ್ನೆ ಹೋಗುತ್ತದೆ. ಕೊಡುವವರಿಗೂ ಇದು ಎಷ್ಟೋ ಸಲ ಗೊತ್ತೇ ಇರುವುದಿಲ್ಲ, ನಾನೂ ಮೊದಲು ಹಾಗೇ ಮಾಡುತ್ತಿದ್ದೆ.

ಅದಕ್ಕೇ ಸೇರಿಸಿಕೊಳ್ಳುವಾಗಲೇ ಒಂದು ಹಾಳೆಯಲ್ಲಿ ಬರೆದುಬಿಡಿ: ಯಾವ್ಯಾವ ಕೆಲಸ, ಸಂಬಳ, ಯಾವ ತಾರೀಖಿಗೆ, ಯಾವ ವಾರ ರಜೆ, ದಿನದ ಲೆಕ್ಕ 26ರದೋ 30ರದೋ. ಬಿಡಿಸುವುದಾದರೆ 15 ದಿನ ಮುಂಚೆ ಹೇಳಬೇಕು, ಇಲ್ಲವೇ 15 ದಿನದ ಸಂಬಳ ಕೊಡಬೇಕು ಅಂತಲೂ ಸೇರಿಸಿ. ಓದಲು ಬಾರದವರಿಗೆ ಅವರ ಮಗಳೋ ಮಗನೋ ಓದಿ ಹೇಳಲಿ. ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ ಅಥವಾ ಹೆಬ್ಬೆಟ್ಟು.

ಸಂಬಳ ಮಾತ್ರ ಬಾಯಿಗೆ ಬಂದಷ್ಟು ಬರೆಯುವಂತಿಲ್ಲ. ಕರ್ನಾಟಕದಲ್ಲಿ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿಯಾಗಿದೆ. ಈಗಿನ ದರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ಬಾಕಿ ಕೊಡದಿದ್ದರೆ ದೂರನ್ನೂ ಅಲ್ಲೇ ಕೊಡಬಹುದು, ಜೊತೆಗೆ ಆ ಹಾಳೆ ಇರಲಿ.