ಡ್ರೈವರ್ ಇಟ್ಟುಕೊಂಡು ಓಡಿಸುವ ಕಾರನ್ನು ಹಿಂದೆ ಕೂತೇ ಆರಿಸಿ

ಟೆಸ್ಟ್ ಡ್ರೈವ್‌ಗೆ ಹೋಗುವಾಗ ನಿಮ್ಮ ಡ್ರೈವರನ್ನೂ ಕರೆದುಕೊಂಡು ಹೋಗಿ. ಶೋರೂಮಿನಲ್ಲಿ ಮುಂದಿನ ಸೀಟನ್ನು ಮುಂದೆ ಎಳೆದಿಟ್ಟಿದ್ದರೆ ಹಿಂದೆ ಜಾಗ ಧಾರಾಳವಾಗಿ ಕಾಣುತ್ತದೆ. ಡ್ರೈವರ್ ತನಗೆ ಬೇಕಾದಂತೆ ಸೀಟು ಹೊಂದಿಸಿಕೊಳ್ಳಲಿ, ಆಮೇಲೆ ನೀವು ಅವರ ಹಿಂದೆ ಕೂಡಿ. ಮೊಣಕಾಲಿಗೂ ಮುಂದಿನ ಸೀಟಿಗೂ ನಾಲ್ಕು ಬೆರಳು ಸಂದು ಉಳಿಯಬೇಕು, ಪಾದ ಸೀಟಿನ ಕೆಳಗೆ ಹೋಗಬೇಕು.

ಅದಕ್ಕಿಂತ ಮುಖ್ಯವಾದದ್ದು ತೊಡೆ. ಸೀಟು ತಗ್ಗಿದ್ದರೆ ಮೊಣಕಾಲು ಮೇಲೆದ್ದು ತೊಡೆಯ ಕೆಳಗೆ ಅಂಗೈ ತೂರುವಷ್ಟು ಖಾಲಿ ಬಿಡುತ್ತದೆ. ಆಗ ಭಾರವೆಲ್ಲ ಸೊಂಟದ ಮೇಲೆ. ಕಲಬುರಗಿಯಿಂದ ಬೀದರ್ ಮುಟ್ಟುವಷ್ಟರಲ್ಲಿ ಹಿರಿಯರಿಗೆ ನೋವು ಶುರು. ನೆಲದಡಿ ಬ್ಯಾಟರಿ ಇರುವ ಎಲೆಕ್ಟ್ರಿಕ್ ಕಾರುಗಳಲ್ಲಿ ನೆಲವೇ ಎತ್ತರವಾಗಿರಬಹುದು, ಇದನ್ನು ತಪ್ಪದೇ ನೋಡಿ.

ಇನ್ನು ಕುಲುಕಾಟ. ನಮ್ಮ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಡಾಂಬರು ಅಲೆಅಲೆಯಾಗಿರುತ್ತದೆ. ಅಂಥ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡಿಸಲು ಹೇಳಿ. ಅಲೆ ದಾಟಿದ ಮೇಲೆ ಕಾರು ಒಮ್ಮೆ ಎದ್ದು ಕೂತರೆ ಸರಿ. ಎರಡು ಮೂರು ಸಲ ತೂಗಾಡಿದರೆ ಹಿಂದೆ ಕೂತವರಿಗೆ ವಾಕರಿಕೆ ಬರುತ್ತದೆ. ಸಣ್ಣ ಗುಂಡಿಗೂ ಟಕ್ ಎಂದು ಬಡಿದರೆ ಮೊದಲು ಟೈರಿನ ಗಾಳಿ ನೋಡಿ: ಡ್ರೈವರ್ ಬಾಗಿಲ ಪಕ್ಕದ ಚೀಟಿಯಲ್ಲಿ ಕಡಿಮೆ ಜನಕ್ಕೆ ಒಂದು, ತುಂಬಿದ ಕಾರಿಗೆ ಇನ್ನೊಂದು ಅಳತೆ ಇರುತ್ತದೆ. ಗಾಳಿ ಸರಿಯಿದ್ದೂ ಬಡಿದರೆ, ಅದೇ ಕಾರಿನ ಚಿಕ್ಕ ಚಕ್ರದ ಮಾದರಿ ಕೇಳಿ. 18 ಇಂಚಿಗಿಂತ 16 ಇಂಚಿನ ಚಕ್ರಕ್ಕೆ ಟೈರಿನ ಗೋಡೆ ಎತ್ತರ, ಪೆಟ್ಟನ್ನು ಅದೇ ನುಂಗುತ್ತದೆ.