ಒಂದು ಲೀಟರ್ ಹಾಲಿನ ಪನೀರ್‌ನಲ್ಲಿ ಪ್ರೋಟೀನ್ ಎಷ್ಟು, ಕೊಬ್ಬು ಎಷ್ಟು: ನಾನು ಲೆಕ್ಕ ಹಾಕುವ ಬಗೆ

ಮನೆಯಲ್ಲಿ ಮಾಡಿದ ಪನೀರ್‌ಗೆ ಲೇಬಲ್ ಇರುವುದಿಲ್ಲ. ಊಟದ ಲೆಕ್ಕ ಬರೆದಿಡುವ ಆ್ಯಪ್‌ಗಳಲ್ಲಿ ಹುಡುಕಿದರೆ ನೂರು ಗ್ರಾಂಗೆ ಒಬ್ಬರು 14 ಗ್ರಾಂ ಪ್ರೋಟೀನ್ ಎಂದು ಹಾಕಿರುತ್ತಾರೆ, ಇನ್ನೊಬ್ಬರು 20 ಎಂದು. ಇಬ್ಬರದೂ ಸರಿಯಿರಬಹುದು. ಅವರ ಹಾಲು ಬೇರೆ, ಅವರು ಹಿಂಡಿದ ಬಿಗಿ ಬೇರೆ. ನಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ. ಜಿಮ್‌ಗೆ ಹೋಗುವ ನನಗೆ ದಿನದ ಪ್ರೋಟೀನ್‌ನಲ್ಲಿ ದೊಡ್ಡ ಪಾಲು ಪನೀರ್‌ನಿಂದಲೇ ಬರಬೇಕು. ಹಾಗಾಗಿ ಪನೀರ್‌ನ ಅಂಕಿ ಹುಡುಕುವುದನ್ನು ಬಿಟ್ಟು, ಹಾಲಿನಿಂದ ಲೆಕ್ಕ ಶುರುಮಾಡುತ್ತೇನೆ.

ಇದರ ಹಿಂದಿನ ವಿಚಾರ ಸರಳ. ಪನೀರ್‌ನಲ್ಲಿರುವ ಕೊಬ್ಬು, ಪ್ರೋಟೀನ್ ಎಲ್ಲವೂ ಹಾಲಿನಿಂದಲೇ ಬಂದದ್ದು. ನಾವು ಸೇರಿಸುವುದು ಸ್ವಲ್ಪ ನಿಂಬೆರಸ ಮಾತ್ರ. ಹಾಲು ಒಡೆದಾಗ ಒಂದಿಷ್ಟು ಹಾಲೊಡಕಿನ ಜೊತೆ ಹರಿದುಹೋಗುತ್ತದೆ, ಉಳಿದದ್ದು ಬಟ್ಟೆಯಲ್ಲಿ ನಿಲ್ಲುತ್ತದೆ. ಆಮೇಲೆ ಎಷ್ಟು ಹೊತ್ತು ಭಾರ ಇಟ್ಟರೂ ಹೊರಗೆ ಬರುವುದು ಹೆಚ್ಚೂಕಡಿಮೆ ನೀರೇ. ಅಂದರೆ ಇಡೀ ಗಡ್ಡೆಯಲ್ಲಿರುವ ಪ್ರೋಟೀನ್ ಎಷ್ಟು ಎಂಬುದನ್ನು ಹಾಲು ತೀರ್ಮಾನಿಸುತ್ತದೆ. ನೂರು ಗ್ರಾಂನಲ್ಲಿ ಎಷ್ಟು ಎಂಬುದನ್ನು ನೀರು ತೀರ್ಮಾನಿಸುತ್ತದೆ.

ಒಂದು ಲೀಟರ್ ಸ್ಟ್ಯಾಂಡರ್ಡೈಸ್ಡ್ ಹಾಲಿನ ಲೆಕ್ಕ ಹೇಳುತ್ತೇನೆ. ನಂದಿನಿಯಲ್ಲಿ ಇದು ‘ಶುಭಂ’, ಕೊಬ್ಬು ಶೇ. 4.5. ಈ ಶೇಕಡಾ ತೂಕದ ಮೇಲಿನದು. ಒಂದು ಲೀಟರ್ ಹಾಲು ಸುಮಾರು 1030 ಗ್ರಾಂ ತೂಗುವುದರಿಂದ ಕೊಬ್ಬು 46 ಗ್ರಾಂ ಆಗುತ್ತದೆ. ಪ್ರೋಟೀನ್ ನೂರು ಮಿ.ಲೀ.ಗೆ 3.2 ಗ್ರಾಂ ಎಂದು ಹಿಡಿದರೆ ಲೀಟರಿಗೆ 32. ಕಾರ್ಬ್, ಅಂದರೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, 47 ಗ್ರಾಂ ಆಸುಪಾಸು. ಪ್ಯಾಕೆಟ್ ಮೇಲಿನ ಅಳತೆಯನ್ನೂ ಪ್ರತಿ ಸಲ ಓದುವುದು ಒಳ್ಳೆಯದು. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪ್ಯಾಕೆಟ್‌ಗೆ 50 ಮಿ.ಲೀ. ಹೆಚ್ಚಿಸಿ, 2025ರ ಏಪ್ರಿಲ್‌ನಲ್ಲಿ ಮತ್ತೆ ಹಳೆಯ ಅಳತೆಗೇ ತಂದರು. ಆ ನಡುವೆ ಬರೆದಿಟ್ಟ ಲೆಕ್ಕವನ್ನು ಈಗ ಹಾಗೇ ಬಳಸಿದರೆ ತಪ್ಪುತ್ತದೆ.

ಹಾಲನ್ನು ಚೆನ್ನಾಗಿ ಕುದಿ ಬರಿಸಿ, ಉರಿ ಆರಿಸಿ, ಒಂದೆರಡು ನಿಮಿಷ ಬಿಟ್ಟು, ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ ಚಮಚ ಚಮಚವಾಗಿ ಹಾಕುತ್ತೇನೆ. ಕುದಿ ಬರಿಸುವುದಕ್ಕೆ ಒಂದು ಕಾರಣವಿದೆ. ಹಾಲಿನ ಪ್ರೋಟೀನ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್. ಹುಳಿ ತಾಗಿದರೆ ಅದು ಗಟ್ಟಿಯಾಗುತ್ತದೆ. ಉಳಿದ ಒಂದು ಪಾಲು ವ್ಹೇ ಪ್ರೋಟೀನ್ ತಣ್ಣಗಿನ ಹಾಲಿನಲ್ಲಿ ನೀರಿನ ಜೊತೆಗೇ ಹೋಗುವಂಥದ್ದು. ಆದರೆ ಚೆನ್ನಾಗಿ ಕಾಯಿಸಿದಾಗ ಅದರಲ್ಲಿ ಬಹುಪಾಲು ಕೇಸೀನ್‌ಗೆ ಅಂಟಿಕೊಂಡು ಪನೀರ್‌ನಲ್ಲೇ ಉಳಿಯುತ್ತದೆ. ಈ ಕಾರಣಕ್ಕೆ ನಾನು ಪ್ರೋಟೀನ್‌ನಲ್ಲಿ ಶೇ. 88, ಕೊಬ್ಬಿನಲ್ಲಿ ಶೇ. 92 ಪನೀರ್‌ಗೆ ಬರುತ್ತದೆ ಎಂದು ಹಿಡಿಯುತ್ತೇನೆ. ಪ್ರೋಟೀನ್ 28 ಗ್ರಾಂ, ಕೊಬ್ಬು 42 ಗ್ರಾಂ.

ಈ ಅಂದಾಜು ನಡೆಯುವುದು ಹಾಲು ಪೂರ್ತಿ ಒಡೆದಾಗ ಮಾತ್ರ. ಸೋಸುವ ಮುಂಚೆ ಸೌಟಿನಲ್ಲಿ ಸ್ವಲ್ಪ ಹಾಲೊಡಕು ತೆಗೆದು ಗಾಜಿನ ಲೋಟಕ್ಕೆ ಹಾಕಿ ಬೆಳಕಿಗೆ ಹಿಡಿಯಿರಿ. ತಿಳಿಹಸಿರು ಮಿಶ್ರಿತ ಹಳದಿಯಾಗಿ, ಆಚೆಬದಿಯ ಬೆರಳು ಕಾಣುವಷ್ಟು ತಿಳಿಯಾಗಿರಬೇಕು. ಬೆಳ್ಳಗೆ ಮಜ್ಜಿಗೆ ನೀರಿನಂತಿದ್ದರೆ ಕೊಬ್ಬು, ಪ್ರೋಟೀನ್ ಎರಡೂ ಅದರಲ್ಲೇ ಇವೆ. ಆಗ ಇನ್ನೊಂದು ಚಮಚ ಹುಳಿ ಹಾಕಿ, ಮೆಲ್ಲಗೆ ಒಮ್ಮೆ ತಿರುಗಿಸಿ ಕಾಯಬೇಕು.

ಬಟ್ಟೆಯಲ್ಲಿ ಕಟ್ಟಿ, ಮೇಲೆ ಕುಟ್ಟಾಣಿ ಇಟ್ಟು, ನೀರು ತೊಟ್ಟಿಕ್ಕುವುದು ನಿಂತ ಮೇಲೆ ಗಡ್ಡೆಯನ್ನು ಡಿಜಿಟಲ್ ತಕ್ಕಡಿಗೆ ಹಾಕಿದರೆ 175 ಗ್ರಾಂ ಬಂತು ಎನ್ನೋಣ. 28ನ್ನು 175ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಪ್ರೋಟೀನ್ ನೂರು ಗ್ರಾಂಗೆ 16. ಕೊಬ್ಬು ಹಾಗೆಯೇ 24. ಕಾರ್ಬ್‌ಗೆ ಬೇರೆ ದಾರಿ: ಗಡ್ಡೆಯೊಳಗೆ ಉಳಿದಿರುವ ಸುಮಾರು 100 ಗ್ರಾಂ ನೀರೂ ಹಾಲೊಡಕೇ, ಅದರಲ್ಲಿ ಶೇ. 5ರಷ್ಟು ಲ್ಯಾಕ್ಟೋಸ್ ಇರುವುದರಿಂದ ಇಡೀ ಗಡ್ಡೆಗೆ ಹೆಚ್ಚೆಂದರೆ 5 ಗ್ರಾಂ, ನೂರು ಗ್ರಾಂಗೆ ಮೂರರ ಒಳಗೆ. ತಣ್ಣೀರಲ್ಲಿ ತೊಳೆದರೆ ಇನ್ನೂ ಕಡಿಮೆ. ಎಲ್ಲ ಸೇರಿ ನೂರು ಗ್ರಾಂಗೆ 290 ಕ್ಯಾಲರಿ ಹತ್ತಿರ.

ಅದೇ ಹಾಲು, ಅದೇ ದಿನ, ಭಾರ ಕಡಿಮೆ ಇಟ್ಟು 205 ಗ್ರಾಂಗೆ ನಿಲ್ಲಿಸಿದ್ದರೆ ಪ್ರೋಟೀನ್ ನೂರು ಗ್ರಾಂಗೆ 14ಕ್ಕೆ ಇಳಿಯುತ್ತಿತ್ತು. ತಿನ್ನುವವರಿಗೆ ಸಿಕ್ಕಿದ್ದು ಮಾತ್ರ ಅದೇ 28. ಅದಕ್ಕೇ ನಾನು ಈಗ ಗ್ರಾಂ ಲೆಕ್ಕಕ್ಕಿಂತ ಪಾಲಿನ ಲೆಕ್ಕವನ್ನು ಹೆಚ್ಚು ನಂಬುತ್ತೇನೆ. ಗಡ್ಡೆಯನ್ನು ನಾಲ್ಕು ಸಮಪಾಲು ಮಾಡಿದರೆ ಒಂದೊಂದರಲ್ಲೂ 7 ಗ್ರಾಂ ಪ್ರೋಟೀನ್, ಹತ್ತೂವರೆ ಗ್ರಾಂ ಕೊಬ್ಬು. ಫ್ರಿಜ್‌ನಲ್ಲಿ ರಾತ್ರಿ ನೀರು ಬಿಟ್ಟು ತೂಕ ಇಳಿದರೂ, ನೀರಲ್ಲಿ ನೆನೆಸಿಟ್ಟು ತೂಕ ಏರಿದರೂ ಈ ಲೆಕ್ಕ ಕದಲುವುದಿಲ್ಲ.

ಇದನ್ನು ಪರೀಕ್ಷಿಸಲೂಬಹುದು. 50 ಗ್ರಾಂ ಪನೀರ್ ಪುಡಿಮಾಡಿ, ತೂಗಿದ ತಟ್ಟೆಯಲ್ಲಿ ಹರಡಿ, ಓವನ್‌ನಲ್ಲಿ 100 ಡಿಗ್ರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಬೇಕು. 22 ಗ್ರಾಂ ಆಸುಪಾಸು ಉಳಿದರೆ ಇಡೀ ಗಡ್ಡೆಯಲ್ಲಿ ಒಣ ಅಂಶ 77 ಗ್ರಾಂ. ಕೊಬ್ಬು, ಪ್ರೋಟೀನ್, ಲ್ಯಾಕ್ಟೋಸ್, ಒಂದಿಷ್ಟು ಖನಿಜ ಕೂಡಿಸಿದರೂ ಅಲ್ಲಿಗೇ ಬರುತ್ತದೆ. ಆದರೆ ಆ 77ರಲ್ಲಿ ಕೊಬ್ಬೆಷ್ಟು, ಪ್ರೋಟೀನೆಷ್ಟು ಎಂದು ಒಣಗಿಸಿ ತಿಳಿಯಲಾಗದು. ಅದಕ್ಕೆ ಹಾಲಿನ ಲೇಬಲ್ಲೇ ಆಧಾರ. ಹಾಗಾಗಿ ಕೆನೆ ತೆಗೆದ ಹಾಲಿನಲ್ಲಿ ಮಾಡಿದ ಪನೀರ್‌ಗೆ ಈ ಲೆಕ್ಕ ಹಾಕಬೇಡಿ. ನಮ್ಮಮ್ಮ ಬೆಣ್ಣೆಗೆ ಅಂತ ದಿನಾ ಕೆನೆ ತೆಗೆದಿಡುತ್ತಾರೆ. ಆ ಕೆನೆಯಲ್ಲಿ ಎಷ್ಟು ಕೊಬ್ಬು ಹೋಯಿತು ಎಂದು ತಕ್ಕಡಿ ಹೇಳುವುದಿಲ್ಲ. ಪನೀರ್‌ಗೆ ನಾನು ಆಗ ತಾನೇ ಒಡೆದ ಪ್ಯಾಕೆಟ್ಟನ್ನೇ ಬಳಸುತ್ತೇನೆ.

ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3. ಗಡ್ಡೆ ಚಿಕ್ಕದು, ಲೀಟರಿಗೆ 145 ಗ್ರಾಂ ಆಸುಪಾಸು, ನೋಡಿದವರಿಗೆ ನಷ್ಟ ಅನ್ನಿಸುತ್ತದೆ. ಆದರೆ ಹಾಲಿನ ಪ್ರೋಟೀನ್ ಹೆಚ್ಚೂಕಡಿಮೆ ಅಷ್ಟೇ ಇರುವುದರಿಂದ ಅದರಲ್ಲೂ 28 ಗ್ರಾಂ ಸಿಗುತ್ತದೆ. ಕಡಿಮೆಯಾದದ್ದು 14 ಗ್ರಾಂ ಕೊಬ್ಬು ಮತ್ತು ಅದರ ಜೊತೆಗಿನ ನೀರು. ಪ್ರೋಟೀನ್‌ಗಾಗಿಯೇ ತಿನ್ನುವವರಿಗೆ ನಾನು ಇದನ್ನೇ ಹೇಳುವುದು, ಸ್ವಲ್ಪ ರಬ್ಬರಿನಂತಾದರೂ ಬುರ್ಜಿಗೆ ಚೆನ್ನಾಗಿಯೇ ಇರುತ್ತದೆ. ಅಂಗಡಿಯಲ್ಲಿ ಪನೀರ್ ಎಂದು ಮಾರಲು ಒಣ ಅಂಶದಲ್ಲಿ ಕನಿಷ್ಠ ಅರ್ಧ ಕೊಬ್ಬಿರಬೇಕು ಎಂಬುದು ಎಫ್‌ಎಸ್‌ಎಸ್‌ಎಐ ನಿಯಮ. ಟೋನ್ಡ್ ಹಾಲಿನದು ಆ ಮಟ್ಟಕ್ಕೆ ಮುಟ್ಟುವುದಿಲ್ಲ. ಅಂಗಡಿ ಪನೀರ್‌ನ ಅಂಕಿಯನ್ನು ಇದಕ್ಕೆ ಹಚ್ಚಿದರೆ ಕೊಬ್ಬು ಜಾಸ್ತಿ ಬರೆದಂತಾಗುತ್ತದೆ.

ಉಳಿದ ಹಾಲೊಡಕಿನಲ್ಲಿ ಚಪಾತಿ ಹಿಟ್ಟು ಕಲಸುತ್ತೇವೆ. ಅದರ ತುಂಬ ಪ್ರೋಟೀನ್ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಕುದಿಸಿ ಒಡೆದ ಹಾಲಿನದಾದರೆ 200 ಮಿ.ಲೀ. ಲೋಟಕ್ಕೆ 1 ಗ್ರಾಂ ಮಾತ್ರ, ಲ್ಯಾಕ್ಟೋಸ್ 10 ಗ್ರಾಂ. ಚಪಾತಿ ಲೆಕ್ಕ ಬರೆಯುವಾಗ ಅದನ್ನು ಕಾರ್ಬ್ ಸಾಲಿಗೆ ಸೇರಿಸಿ.